ದೋಸೆ ಭಟ್ಟರು ಬಾರದ ಭಾನುವಾರ: ಒಂದು ದರ್ಶಿನಿಯ ಅಡುಗೆಮನೆ ನಡೆದ ಬಗೆ

ಬೆಂಗಳೂರಿನ ವಿಜಯನಗರದ ಕಡೆ ಒಂದು ಒಳರಸ್ತೆಯಲ್ಲಿ ಇರುವ ಸಣ್ಣ ದರ್ಶಿನಿ ಇದು. ನಿಂತು ತಿನ್ನುವ ನಾಲ್ಕು ಮೇಜು, ಮುಂದೆ ಕಾಫಿ ಕೌಂಟರ್, ಹಿಂದೆ ಹತ್ತು ಹೆಜ್ಜೆ ಉದ್ದದ ಅಡುಗೆಮನೆ. ಮಾಲೀಕರು ಕ್ಯಾಷ್‌ನಲ್ಲಿ ಕೂರುತ್ತಾರೆ. ಒಳಗೆ ನಾಲ್ಕು ಜನ. ಅಡುಗೆ ಭಟ್ಟರು ಸಾಂಬಾರು, ಬಾತು, ಇಡ್ಲಿ ನೋಡಿಕೊಳ್ಳುತ್ತಾರೆ. ದೋಸೆ ಭಟ್ಟರದು ಕಾವಲಿ. ಅವರ ಅಕ್ಕನ ಮಗ ವಡೆ, ಪೂರಿ, ಚಟ್ನಿ ಮಾಡುತ್ತಾನೆ. ಇನ್ನೊಬ್ಬ ಹುಡುಗ ತರಕಾರಿ ಹೆಚ್ಚುತ್ತಾನೆ, ಗ್ರೈಂಡರ್ ಹಾಕುತ್ತಾನೆ. ಹೊರಗೆ ಕಾಫಿಯವರು ಒಬ್ಬರು, ತಟ್ಟೆ ಎತ್ತಿ ಮೇಜು ಒರೆಸುವವರು ಇಬ್ಬರು.

ಇದರ ಲೆಕ್ಕಪತ್ರ ನೋಡುವವನು ನಾನು. ಮೊದಲು ಹೋಟೆಲ್ ಅಡುಗೆಮನೆಯಲ್ಲೇ ಇದ್ದವನಾದ್ದರಿಂದ ಇಂಥ ಗಲಾಟೆಗೂ ನನ್ನನ್ನೇ ಕರೆಯುತ್ತಾರೆ.

ಗಣೇಶ ಹಬ್ಬ ಕಳೆದ ಮೊದಲ ಭಾನುವಾರ. ಮಾವ-ಅಳಿಯ ಇಬ್ಬರೂ ಕುಂದಾಪುರದ ಕಡೆ ಊರಿಗೆ ಹೋಗಿದ್ದರು. ಶನಿವಾರ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಬಂದಿಳಿಯಬೇಕಿತ್ತು. ಐದು ಗಂಟೆಗೆ ಮಾಲೀಕರು ಫೋನ್ ಮಾಡಿದರೆ ಇಬ್ಬರದೂ ಸ್ವಿಚ್ ಆಫ್. ಆರೂವರೆಗೆ ಶಟರ್ ಎತ್ತಬೇಕು. ಏಳೂವರೆಯಿಂದ ಹತ್ತೂವರೆವರೆಗೆ ಗಂಟೆಗೆ ನೂರರ ಹತ್ತಿರ ಬಿಲ್ ಆಗುವ ದಿನ ಅದು. ಒಳಗಿರುವವರು ಅಡುಗೆ ಭಟ್ಟರು ಮತ್ತು ತರಕಾರಿ ಹುಡುಗ, ಇಬ್ಬರೇ.

ನಾನು ಹೋದಾಗ ಮಾಲೀಕರು ಊರಿನವರಿಗೆಲ್ಲ ಫೋನ್ ಹಚ್ಚುತ್ತಿದ್ದರು. ಯಾಕೆ ಬಂದಿಲ್ಲ ಅನ್ನುವುದನ್ನು ಆಮೇಲೆ ನೋಡೋಣ, ಮೊದಲು ಹಿಟ್ಟು ನೋಡೋಣ ಬನ್ನಿ ಎಂದು ಒಳಗೆ ಕರೆದುಕೊಂಡು ಹೋದೆ. ಶನಿವಾರ ಸಂಜೆಯೇ ಹುಡುಗ ರುಬ್ಬಿಟ್ಟಿದ್ದ. ಇಡ್ಲಿ ಹಿಟ್ಟು 20 ಕೆಜಿ, ದೋಸೆ ಹಿಟ್ಟು 25 ಕೆಜಿ. ಎರಡೂ ಉಬ್ಬಿ ನಿಂತಿದ್ದವು. ಆಲೂಗಡ್ಡೆ ಬೇಯಲು ಹಾಕಿಯಾಗಿತ್ತು. ವಡೆಗೆ ಉದ್ದು ನೆನೆದಿತ್ತು, ಇನ್ನೂ ರುಬ್ಬಿರಲಿಲ್ಲ.

ಏನು ಬಿಡುವುದು, ಏನು ಉಳಿಸುವುದು

ಮಾಲೀಕರ ಮೊದಲ ಯೋಚನೆ, ಜಾಸ್ತಿ ಹೋಗದ ಐಟಂ ತೆಗೆದು ಜಾಸ್ತಿ ಹೋಗುವುದನ್ನು ಇಟ್ಟುಕೊಳ್ಳೋಣ ಎಂದು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಅವರಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗುವುದು ಮಸಾಲೆ ದೋಸೆ. ಅದನ್ನು ಹುಯ್ಯುವ ಕೈಯೇ ಇಲ್ಲ. ಇಂಥ ದಿನ ನೋಡಬೇಕಾದದ್ದು ಐಟಂ ಎಷ್ಟು ಹೋಗುತ್ತದೆ ಅಂತ ಅಲ್ಲ. ಅದರ ಆಕಾರ ಯಾರ ಕೈಯಿಂದ ಬರುತ್ತದೆ, ಅಥವಾ ಯಾವ ಪಾತ್ರೆಯಿಂದ ಬರುತ್ತದೆ ಅಂತ.

ಇಡ್ಲಿಗೆ ಆಕಾರ ಕೊಡುವುದು ತಟ್ಟೆ. ಹಿಟ್ಟು ಸರಿಯಿದ್ದರೆ ಯಾರು ಹುಯ್ದರೂ ಇಡ್ಲಿ ಇಡ್ಲಿಯೇ. ಖಾರಾಬಾತು, ಕೇಸರಿಬಾತಿಗೆ ಅಳತೆ ಮುಖ್ಯ. ಒಮ್ಮೆ ಬಾಣಲೆ ಇಳಿಸಿದರೆ ಐವತ್ತು ಪ್ಲೇಟ್‌ಗೆ ಸೌಟು ಆಡಿಸುವ ಕೆಲಸವಷ್ಟೇ ಬಾಕಿ. ಮಸಾಲೆ ದೋಸೆ ಹಾಗಲ್ಲ, ಒಂದೊಂದಕ್ಕೂ ಮಣಿಕಟ್ಟು ತಿರುಗಬೇಕು. ಉದ್ದಿನ ವಡೆಯೂ ಅಷ್ಟೇ. ಅಂಗೈಯಲ್ಲಿ ತಟ್ಟಿ, ತೂತು ಮಾಡಿ, ಎಣ್ಣೆಗೆ ಜಾರಿಸಬೇಕು. ಹಿಟ್ಟು ಸ್ವಲ್ಪ ನೀರಾದರೆ ಕೈಗಂಟುತ್ತದೆ, ಎಣ್ಣೆ ಕುಡಿಯುತ್ತದೆ. ಸಾಲದ್ದಕ್ಕೆ ಕಾದ ಎಣ್ಣೆಯ ಮುಂದೆ, ರಷ್ ಹೊತ್ತಿನಲ್ಲಿ, ಅಭ್ಯಾಸ ಇಲ್ಲದ ಹುಡುಗನನ್ನು ನಿಲ್ಲಿಸುವುದು ವ್ಯಾಪಾರದ ಪ್ರಶ್ನೆಯೇ ಅಲ್ಲ. ಕೈ ಸುಟ್ಟುಕೊಂಡರೆ ಇದ್ದ ಒಬ್ಬನೂ ಹೋದ.

ಹೀಗೆ ಹದಿನೆಂಟು ಐಟಂನ ಬೋರ್ಡಿನಲ್ಲಿ ಉಳಿದದ್ದು ಆರು: ಇಡ್ಲಿ, ಖಾರಾಬಾತು, ಕೇಸರಿಬಾತು, ಟೊಮ್ಯಾಟೊ ಬಾತು, ಸೆಟ್ ದೋಸೆ, ಕಾಫಿ-ಟೀ. ನೆನೆದಿದ್ದ ಉದ್ದನ್ನು ಬಸಿದು ಫ್ರಿಜ್ಜಿಗೆ ಹಾಕಿದೆವು. ಮರುದಿನದ ಇಡ್ಲಿಗೆ ರುಬ್ಬಿದರಾಯಿತು.

ಸೆಟ್ ದೋಸೆ ಯಾಕೆ ಉಳಿಯಿತು ಅಂದರೆ, ಅದನ್ನು ತೆಳ್ಳಗೆ ಎಳೆಯಬೇಕಿಲ್ಲ. ಹಿಟ್ಟಿಗೆ ನೀರು ಸೇರಿಸದೆ ಗಟ್ಟಿಯಾಗೇ ಇಟ್ಟು, ಸೌಟಿನಿಂದ ಹುಯ್ದು, ಮೇಲೆ ಒಂದೇ ಸುತ್ತು ಆಡಿಸಿ ಮುಚ್ಚಳ ಮುಚ್ಚಿದರೆ ಮುಗಿಯಿತು. ಮಗುಚಬೇಕಾಗಿಯೂ ಇಲ್ಲ. ನಿಜ, ಸೆಟ್ ದೋಸೆಗೆಂದೇ ರುಬ್ಬುವ ಹಿಟ್ಟಿನಲ್ಲಿ ಅವಲಕ್ಕಿ ಜಾಸ್ತಿ ಇರುತ್ತದೆ, ಅದರ ಮೆತ್ತನೆ ಬೇರೆ. ಮಸಾಲೆ ಹಿಟ್ಟಿನದು ಅಷ್ಟು ಹತ್ತಿಯಂತೆ ಬರುವುದಿಲ್ಲ. ಬಿಸಿಯಾಗಿ ಕೊಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಬೇಯುತ್ತಿದ್ದ ಆಲೂಗಡ್ಡೆ ಪಲ್ಯವಾಗಿ ಇದರ ಪಕ್ಕಕ್ಕೇ ಹೋಯಿತು.

ದೋಸೆ ಹಿಟ್ಟು ಇಷ್ಟೊಂದು ಇದೆಯಲ್ಲ, ಅದನ್ನೇ ಇಡ್ಲಿ ತಟ್ಟೆಗೆ ಹುಯ್ಯೋಣ ಅಂದರು ಮಾಲೀಕರು. ಅಡುಗೆ ಭಟ್ಟರು ತಲೆ ಅಲ್ಲಾಡಿಸಿದರು. ಇಡ್ಲಿಗೆ ಅಕ್ಕಿ ತರಿತರಿ ಇರಬೇಕು. ದೋಸೆಗೆ ಅಕ್ಕಿಯನ್ನೂ ನುಣ್ಣಗೆ ರುಬ್ಬಿರುತ್ತಾರೆ, ಉದ್ದಿನ ಪಾಲೂ ಕಮ್ಮಿ. ಹಬೆಯಲ್ಲಿ ಅದು ಉಬ್ಬದೆ ಕಡುಬಿನ ಹಾಗೆ ಅಂಟಂಟಾಗುತ್ತದೆ. ಆದ್ದರಿಂದ ಹತ್ತು ಕೆಜಿ ಮಾತ್ರ ಹೊರಗಿಟ್ಟು ಉಳಿದದ್ದನ್ನು ಕೂಡಲೇ ಫ್ರಿಜ್ಜಿಗೆ ಸೇರಿಸಿದೆವು. ಹೊರಗೇ ಬಿಟ್ಟಿದ್ದರೆ ಮಧ್ಯಾಹ್ನದೊಳಗೆ ಹುಳಿ ಹತ್ತುತ್ತಿತ್ತು.

ಲೆಕ್ಕ ಎಲ್ಲಿ ತುಂಡಾಗುತ್ತದೆ

ಅವರ ಸ್ಟೀಮರಿನಲ್ಲಿ ಒಂದು ಸಲಕ್ಕೆ 48 ಇಡ್ಲಿ. ಬೇಯಲು 12 ನಿಮಿಷ, ತೆಗೆದು ತುಂಬಲು ಮೂರು. ಅಂದರೆ ಗಂಟೆಗೆ ನಾಲ್ಕು ಸರದಿ, 96 ಪ್ಲೇಟ್. ಗ್ಯಾಸು, ಸ್ಟೀಮರು ಸಾಕು. ಸಾಲದ್ದು ಹಿಟ್ಟು. ಇಡ್ಲಿಗೆ 60 ಗ್ರಾಂ ಹಿಡಿದರೂ 20 ಕೆಜಿಗೆ 330ರ ಹತ್ತಿರ, 165 ಪ್ಲೇಟ್. ಮಸಾಲೆ, ವಡೆ ಇಲ್ಲದ ದಿನ ಎಲ್ಲರೂ ಇಡ್ಲಿಗೇ ಬೀಳುತ್ತಾರೆ. ಒಂಬತ್ತು ಕಳೆಯುವುದರೊಳಗೆ ಬಕೆಟ್ ತಳ ಕಾಣುತ್ತದೆ. ಹೊಸದಾಗಿ ರುಬ್ಬಿದರೂ ಉಬ್ಬಲು ಕಮ್ಮಿ ಅಂದರೆ ಎಂಟು ಗಂಟೆ ಬೇಕು.

ಇಲ್ಲಿ ಕೈಹಿಡಿದದ್ದು ರವೆ ಇಡ್ಲಿ. ಅದಕ್ಕೆ ಹುದುಗು ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಅದು ಹುಟ್ಟಿದ್ದೇ ಇಲ್ಲದ ಕಾಲಕ್ಕೆ. ಖಾರಾಬಾತಿಗೆ ಇಟ್ಟ ರವೆಯೇ ಆಗುತ್ತದೆ. ಒಂದು ಸ್ಟೀಮರಿಗೆ ಸುಮಾರು 1 ಕೆಜಿ ರವೆ, ಅಷ್ಟೇ ತೂಕದ ಮೊಸರು, ಬೇಕಾದಷ್ಟು ನೀರು. ಒಗ್ಗರಣೆಯಲ್ಲಿ ರವೆ ಹುರಿದು, ಆರಿಸಿ, ಮೊಸರಲ್ಲಿ ಕಲಸಿ 20 ನಿಮಿಷ ನೆನೆಸಬೇಕು. ಸೋಡಾ ಮಾತ್ರ ತಟ್ಟೆಗೆ ಹುಯ್ಯುವ ಮುಂಚೆ, ಆ ಸರದಿಗೆ ಎಷ್ಟು ಬೇಕೋ ಅಷ್ಟು ಹಿಟ್ಟಿಗೆ ಮಾತ್ರ. ಇಡೀ ಬಕೆಟ್‌ಗೆ ಒಟ್ಟಿಗೇ ಹಾಕಿದರೆ ಮೂರನೇ ಸರದಿಗೆ ಗಾಳಿಯೆಲ್ಲ ಹೋಗಿ ಇಡ್ಲಿ ಬಿಲ್ಲೆಯಾಗುತ್ತದೆ. ಒಬ್ಬರನ್ನು ನಂದಿನಿ ಬೂತ್‌ಗೆ ಓಡಿಸಿ ಮೊಸರು ತರಿಸಿದೆವು.

ಕಾವಲಿಗೆ ತರಕಾರಿ ಹುಡುಗನನ್ನೇ ನಿಲ್ಲಿಸಿದೆವು. ಅವನು ದೋಸೆ ಭಟ್ಟರ ಪಕ್ಕದಲ್ಲೇ ನಿಂತು ಪಲ್ಯ ಕೊಡುತ್ತಿದ್ದವನು, ಕಣ್ಣಲ್ಲಿ ನೋಡಿದ್ದ. ದೋಸೆ ಭಟ್ಟರು ಬಂದಿದ್ದರೆ ಒಂದು ಗಂಟೆಗೆ ಎಂಬತ್ತು ಮಸಾಲೆ ಇಳಿಸುತ್ತಿದ್ದರು. ಇವನಿಗೆ ಒಂದು ಸಲಕ್ಕೆ ಆರು ಸಣ್ಣ ದೋಸೆ, ಅಂದರೆ ಎರಡೇ ಪ್ಲೇಟ್, ಐದು ನಿಮಿಷಕ್ಕೆ ಒಂದು ಸುತ್ತು. ಗಂಟೆಗೆ 24 ಪ್ಲೇಟ್. ಅಷ್ಟಕ್ಕೇ ಟೋಕನ್ ಕೊಡಬೇಕು ಎಂದು ಕ್ಯಾಷ್‌ನಲ್ಲಿ ಮೊದಲೇ ಹೇಳಿಟ್ಟೆವು. ದರ್ಶಿನಿಯಲ್ಲಿ ದುಡ್ಡು ಮೊದಲು, ತಿಂಡಿ ಆಮೇಲೆ. ಒಳಗೆ ಆಗದ್ದನ್ನು ಹೊರಗೆ ಬಿಲ್ ಹೊಡೆದರೆ ಜಗಳ ಕೌಂಟರಿನಲ್ಲೇ ಶುರು. ಬಿಲ್ ಮಷೀನಿನಲ್ಲಿ ಹನ್ನೆರಡು ಐಟಂ ತೆಗೆದೆವು. ಸ್ವಿಗ್ಗಿ, ಜೊಮ್ಯಾಟೊ ಎರಡರಲ್ಲೂ ಅಂಗಡಿಯನ್ನೇ ಆಫ್ ಮಾಡಿಸಿದೆ. ಮಾಲೀಕರಿಗೆ ಇದು ಹಿಡಿಸಲಿಲ್ಲ. ಆದರೆ ಎದುರಿಗೆ ನಿಂತವರಿಗೇ ಕೈ ಸಾಲದಾಗ ಪಾರ್ಸೆಲ್ ಹುಡುಗರೂ ಬಂದು ನಿಂತರೆ ಎರಡೂ ಕೆಡುತ್ತದೆ.

ಬಾಗಿಲಲ್ಲಿ ಸೀಮೆಸುಣ್ಣದ ಬೋರ್ಡು ಇಟ್ಟೆವು. ‘ಇಂದು ಇಷ್ಟು ಮಾತ್ರ’ ಎಂದು ಆರು ಹೆಸರು, ಅಷ್ಟೇ. ಕಾರಣ ಬರೆಯಲಿಲ್ಲ.

ಚಟ್ನಿಗೆ ಮಾಲೀಕರ ಮನೆಯವರು ಬಂದರು. ಮೇಜು ಒರೆಸುವ ಇಬ್ಬರಲ್ಲಿ ಒಬ್ಬಳನ್ನು ಬಾತು ಬಡಿಸಲು ಒಳಗೆ ತೆಗೆದುಕೊಂಡೆವು. ಅದಕ್ಕೆ ಒಂದು ಶರತ್ತು ಹಾಕಿದ್ದೆ. ಸೋಪು ಹಾಕಿ ಕೈ ತೊಳೆದು, ಏಪ್ರನ್ ಬದಲಿಸಿ ಒಳಗೆ ಬಂದ ಮೇಲೆ ಮೇಜಿನ ಬಟ್ಟೆ ಮುಟ್ಟಬಾರದು. ಜನ ಕಮ್ಮಿ ಇದ್ದಾಗ ಒಬ್ಬರೇ ಎರಡೂ ಕಡೆ ಓಡಾಡುವುದು ತಾನಾಗೇ ಆಗಿಬಿಡುತ್ತದೆ. ಮೇಜು ಸ್ವಲ್ಪ ಕೊಳೆಯಾದರೂ ಪರವಾಗಿಲ್ಲ, ಆ ಕೈ ಈ ಕೈ ಆಗುವುದು ಬೇಡ. ಬಾತು ಬಿಸಿನೀರಿನ ತೊಟ್ಟಿಯ ಮೇಲೇ ಇರಬೇಕು, 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಅನ್ನುವುದೂ ಅವಳ ಜವಾಬ್ದಾರಿ.

ಎಂಟೂಕಾಲು

ಕಾಲು ಗಂಟೆ ತಡವಾಗಿ ಶಟರ್ ಎತ್ತಿದರು. ಎಂಟರವರೆಗೆ ಸುಸೂತ್ರ. ಆಮೇಲೆ ಕಾವಲಿ ಕೈಕೊಟ್ಟಿತು. ಟೋಕನ್ ಸಾಲು ಬೆಳೆದದ್ದು ನೋಡಿ ಹುಡುಗ ಉರಿ ಜೋರು ಮಾಡಿದ್ದ. ಹಿಟ್ಟು ಹುಯ್ದ ತಕ್ಷಣ ಅಡಿ ಹಿಡಿದು, ಸೌಟು ಆಡಿಸಿದರೆ ಹಿಟ್ಟೆಲ್ಲ ಸೌಟಿನ ಜೊತೆಗೇ ಎದ್ದು ಬರತೊಡಗಿತು. ಅವನು ಹಿಟ್ಟು ಗಟ್ಟಿಯಾಯಿತು ಅಂದುಕೊಂಡು ನೀರಿಗೆ ಕೈ ಚಾಚಿದ್ದ. ಅಡುಗೆ ಭಟ್ಟರು ಅಲ್ಲಿಂದಲೇ ಕೂಗಿದರು, “ಏ ಮಗಾ, ನೀರು ಹಾಕ್ಬೇಡ. ಉರಿ ತಗ್ಸು!”

ಕಾವಲಿ ಕಾದಿರುವುದು ಗೊತ್ತಾಗುವುದು ಹೀಗೆ. ನಾಲ್ಕು ಹನಿ ನೀರು ಚಿಮುಕಿಸಿ. ಚುಂಯ್ ಎಂದು ಎರಡು ಮೂರು ಕ್ಷಣದಲ್ಲಿ ಆರಿದರೆ ಸರಿಯಾದ ಹದ. ಹನಿ ನಿಲ್ಲದೆ ಗೋಲಿಯಾಗಿ ಉರುಳಾಡಿದರೆ ವಿಪರೀತ ಕಾದಿದೆ. ಸುಮ್ನೆ ಕೂತು ನಿಧಾನ ಗುಳ್ಳೆ ಬಂದರೆ ಇನ್ನೂ ಕಾಯಬೇಕು, ಆಗ ಹುಯ್ದದ್ದು ಏಳದೆ ಅಂಟಿಕೊಳ್ಳುತ್ತದೆ. ಜಾಸ್ತಿ ಕಾದಾಗ ಒಂದು ಚೊಂಬು ನೀರು ಹುಯ್ದು ಕಡ್ಡಿ ಪೊರಕೆಯಿಂದ ಗುಡಿಸಿ, ಉರಿ ತಗ್ಗಿಸಿ, ಎಣ್ಣೆ ಬಟ್ಟೆ ಆಡಿಸಬೇಕು. ದೋಸೆ ಭಟ್ಟರು ಪ್ರತಿ ಸುತ್ತಿಗೂ ನೀರು ಚಿಮುಕಿಸುವುದು ಚಂದಕ್ಕಲ್ಲ, ಇದಕ್ಕೆ. ಹುಡುಗ ಇದನ್ನು ದಿನಾ ನೋಡಿದ್ದ, ಆದರೆ ಯಾಕೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹತ್ತು ನಿಮಿಷ ದೋಸೆ ನಿಲ್ಲಿಸಿ, ಕಾವಲಿ ಹದಕ್ಕೆ ತಂದು ಮತ್ತೆ ಶುರು ಮಾಡಿದ.

ಎರಡನೇ ಎಡವಟ್ಟು ಒಂಬತ್ತು ಕಳೆದ ಮೇಲೆ. ಅಂದುಕೊಂಡ ಹೊತ್ತಿಗೇ ಇಡ್ಲಿ ಹಿಟ್ಟು ಮುಗಿಯಿತು. ರವೆ ಇಡ್ಲಿ ಕಲಸಿದ್ದು ತಡವಾಗಿತ್ತು. ಮಧ್ಯೆ ಇಪ್ಪತ್ತು ನಿಮಿಷ ಸ್ಟೀಮರ್ ಖಾಲಿ. ಇದು ಕ್ಯಾಷ್‌ಗೆ ಗೊತ್ತಿಲ್ಲ, ಅಲ್ಲಿ ಇಡ್ಲಿ ಬಿಲ್ ಆಗುತ್ತಲೇ ಇತ್ತು. ಹದಿನಾಲ್ಕು ಜನ ಟೋಕನ್ ಹಿಡಿದು ನಿಂತರು. ಕೆಲವರು ಬಾತು ತೆಗೆದುಕೊಂಡರು, ಉಳಿದವರಿಗೆ ದುಡ್ಡು ವಾಪಸ್. ಹಿಟ್ಟು ಮೂರನೇ ಒಂದು ಪಾಲಿಗೆ ಬಂದಾಗಲೇ ರವೆ ನೆನೆಯಲು ಹಾಕಬೇಕು, ಕೊನೆಯ ಸರದಿ ಸ್ಟೀಮರಿಗೆ ಹೋದಾಗ ಕ್ಯಾಷ್‌ಗೆ ಕೂಗಿ ಹೇಳಬೇಕು. ಈಗ ಬಕೆಟ್ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ.

ಗಿರಾಕಿಗಳು ನಾವು ಹೆದರಿದಷ್ಟು ಬೈಯಲಿಲ್ಲ. “ಮಸಾಲೆ ಇಲ್ವಾ?” ಅಂದವರಿಗೆ “ಇವತ್ತು ಸೆಟ್ ಇದೆ ಸಾರ್, ಪಲ್ಯ ಜೊತೆ” ಅಂದರೆ ಸಾಕಾಗುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಬಂದವರು ಕೆಲವರು ಹಾಗೇ ತಿರುಗಿ ಹೋದರು. ಮಧ್ಯಾಹ್ನಕ್ಕೆ ಗಲ್ಲಾ ಎಣಿಸಿದಾಗ ಮಾಮೂಲಿ ಭಾನುವಾರದ ಮೂರನೇ ಎರಡು ಪಾಲು ಆಗಿತ್ತು. ಮಾಲೀಕರಿಗೆ ಆಗ ಹುಮ್ಮಸ್ಸು ಬಂದು ಸಂಜೆಗೂ ಎಲ್ಲ ಮಾಡೋಣ ಅಂದರು. ಅಡುಗೆ ಭಟ್ಟರು ನಾಲ್ಕೂವರೆಯಿಂದ ನಿಂತೇ ಇದ್ದವರು. ಅವರೂ ಮಲಗಿಬಿಟ್ಟರೆ ಸೋಮವಾರ ಬಾಗಿಲೇ ತೆಗೆಯುವಂತಿಲ್ಲ. ಸಂಜೆಗೆ ಕಾಫಿ, ಟೀ, ಬಿಸ್ಕತ್ತು ಅಷ್ಟೇ ಎಂದು ಬಹಳ ಹೇಳಿ ಒಪ್ಪಿಸಿದೆ.

ಬಾರದ್ದಕ್ಕೆ ಕಾರಣ

ಸೋಮವಾರ ದಿನಗೂಲಿಗೆ ಒಬ್ಬ ದೋಸೆ ಭಟ್ಟರನ್ನು ಹಿಡಿದು ತಂದರು. ಕೈ ಚೆನ್ನಾಗಿತ್ತು, ಆದರೆ ಫ್ರಿಜ್ಜಿನ ಹಿಟ್ಟು ಕಂಡು ಮುಖ ಸಿಂಡರಿಸಿದರು. ಇದರ ಅಳತೆ ಏನು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಹುಡುಗ ಡಬ್ಬ ಲೆಕ್ಕದಲ್ಲಿ ನೆನೆಹಾಕುತ್ತಿದ್ದ, ನೀರು ಎಷ್ಟು, ಮೆಂತ್ಯ ಎಷ್ಟು ಎಂಬುದು ದೋಸೆ ಭಟ್ಟರು ಬಂದು ಹೇಳಿದ ಹಾಗೆ.

ಮಂಗಳವಾರ ಮಾವ-ಅಳಿಯ ಬಂದರು. ಮನೆಯಲ್ಲಿ ಒಂದು ಕಾರ್ಯ ಇತ್ತಂತೆ. ಹಬ್ಬಕ್ಕೆ ಮುಂಚೆ ಎರಡು ದಿನ ಜಾಸ್ತಿ ರಜೆ ಕೇಳಿದ್ದರು, ಮಾಲೀಕರು ಆಗಲ್ಲ ಅಂದಿದ್ದರು. ಫೋನ್ ತೆಗೆದರೆ ಬೈಗುಳ, ಬಂದ ಮೇಲೆ ಹೇಗೂ ಬೈಗುಳ, ಒಂದೇ ಸಲ ಕೇಳೋಣ ಎಂದು ಸ್ವಿಚ್ ಆಫ್ ಮಾಡಿದ್ದರು. ಮಾಲೀಕರು ಇಬ್ಬರನ್ನೂ ಬಿಡಿಸಿಬಿಡುವ ಮಾತಾಡಿದರು. ನನಗೆ ಕಂಡದ್ದು ಬೇರೆ. ಅಡುಗೆಮನೆಯ ಅರ್ಧ ಜನ ಒಂದೇ ಮನೆಯವರು. ಅಲ್ಲಿ ಮದುವೆಯಾಗಲಿ, ಸಾವಾಗಲಿ, ಇಬ್ಬರೂ ಒಟ್ಟಿಗೇ ಹೋಗುತ್ತಾರೆ. ಸಣ್ಣ ಹೋಟೆಲಿಗೆ ಜನ ಸಿಗುವುದೇ ಹೀಗೆ, ಒಬ್ಬರು ಬಂದು ಇನ್ನೊಬ್ಬರನ್ನು ಕರೆಸಿಕೊಳ್ಳುತ್ತಾರೆ. ಅದನ್ನು ತಪ್ಪಿಸಲು ಆಗದು. ಆದರೆ ಇಬ್ಬರ ಕೆಲಸಕ್ಕೂ ಹೊರಗಿನ ಒಬ್ಬರು ತಯಾರಿರಬೇಕು. ತಿಂಗಳ ಮೊದಲೇ ಕೇಳಿದ ರಜೆಗೆ ಇಲ್ಲ ಅನ್ನಬಾರದು ಎಂಬುದನ್ನೂ ಮಾಲೀಕರಿಂದ ಒಪ್ಪಿಸಿಕೊಂಡೆ. ಇಲ್ಲ ಅಂದರೆ ಜನ ಕೇಳುವುದನ್ನೇ ಬಿಡುತ್ತಾರೆ.

ಇನ್ನೊಂದು ಕೈ ತಯಾರಾದ ರೀತಿ

ದೋಸೆ ಭಟ್ಟರಿಗೆ ಹುಡುಗನಿಗೆ ಕಲಿಸಿ ಅಂದಾಗ ಅವರು ಹ್ಞೂಂ ಅಂದರು, ಕಲಿಸಲಿಲ್ಲ. ತಮ್ಮ ಜಾಗಕ್ಕೇ ಕುತ್ತು ಎಂದು ಅವರಿಗೆ ಅನ್ನಿಸಿದ್ದು ಸಹಜ ತಾನೇ? ಮಾಲೀಕರು ಎರಡು ಮಾತು ಕೊಟ್ಟರು. ಹುಡುಗ ತಯಾರಾದರೆ ವಾರದ ರಜೆ ತಪ್ಪದೆ ಸಿಗುತ್ತದೆ. ಅವನು ಒಬ್ಬನೇ ಕಾವಲಿ ನಡೆಸುವ ಮಟ್ಟಕ್ಕೆ ಬಂದ ತಿಂಗಳು ಭಟ್ಟರ ಸಂಬಳವೂ ಏರುತ್ತದೆ. ಆಮೇಲೆ ಕಲಿಕೆ ಶುರುವಾಯಿತು.

ಮಧ್ಯಾಹ್ನ ಮೂರರಿಂದ ನಾಲ್ಕು, ಕಾವಲಿ ಖಾಲಿ ಇರುವ ಹೊತ್ತು. ಮಿಕ್ಕಿ ಹುಳಿಯಾದ ಹಿಟ್ಟು ಅಭ್ಯಾಸಕ್ಕೆ. ಮೊದಲ ವಾರ ದೋಸೆಯೇ ಇಲ್ಲ. ಕಾವಲಿ ಹೊತ್ತಿಸುವುದು, ನೀರು ಚಿಮುಕಿಸಿ ಹದ ನೋಡುವುದು, ಆರಿಸುವುದು, ಮತ್ತೆ ಕಾಯಿಸುವುದು. ಹುಡುಗ ಬೇಸರಪಟ್ಟ, ಆದರೆ ಆ ಭಾನುವಾರ ಕೆಟ್ಟದ್ದು ಇದೇ ತಾನೇ. ಆಮೇಲೆ ಸೆಟ್, ಆಮೇಲೆ ಈರುಳ್ಳಿ ಉತ್ತಪ್ಪ, ಆಮೇಲೆ ಖಾಲಿ ದೋಸೆ. ಮಸಾಲೆ ಕೊನೆಗೆ. ಮಸಾಲೆಯಲ್ಲಿ ಕಷ್ಟ ಇರುವುದು ಗುಂಡಗೆ ಎಳೆಯುವುದರಲ್ಲಿ ಅಲ್ಲ. ಆರು ದೋಸೆ ಒಟ್ಟಿಗೆ ಬಿದ್ದಾಗ ಮೊದಲನೆಯದು ಕೆಂಪಾಗುವುದರೊಳಗೆ ಆರನೆಯದಕ್ಕೆ ಚಟ್ನಿ ಬಳಿದಿರಬೇಕು, ಆ ಓಟದಲ್ಲಿ. ಅದು ಖಾಲಿ ಹೋಟೆಲಿನಲ್ಲಿ ಬರುವುದಿಲ್ಲ. ಹೀಗಾಗಿ ವಾರಕ್ಕೊಂದು ದಿನ, ಏಳರಿಂದ ಎಂಟು, ಹುಡುಗನೇ ಕಾವಲಿಗೆ. ದೋಸೆ ಭಟ್ಟರು ಕಾಫಿ ಕೌಂಟರಿನ ಹತ್ತಿರ ನಿಲ್ಲುತ್ತಾರೆ, ಕೈ ಹಾಕುವಂತಿಲ್ಲ. ಇದನ್ನು ಬಿಟ್ಟರೆ ಕಲಿತದ್ದು ತಿಂಗಳಲ್ಲಿ ಮರೆತು ಹೋಗುತ್ತದೆ.

ಅಳತೆಗಳನ್ನು ಒಂದು ದಿನ ಕೂತು ತೂಗಿದೆವು. ಭಟ್ಟರು ಅವರ ಪಾಡಿಗೆ ಡಬ್ಬದಲ್ಲಿ ಅಳೆದರು, ನಾನು ತಕ್ಕಡಿಗೆ ಇಟ್ಟು ಬರೆದುಕೊಂಡೆ. ಅಕ್ಕಿ ನಾಲ್ಕು ಪಾಲಿಗೆ ಉದ್ದು ಒಂದು, ಅವಲಕ್ಕಿ ಅರ್ಧ, ಮೆಂತ್ಯ ಒಂದು ಹಿಡಿ. ಆ ಹಿಡಿಯನ್ನೂ ತೂಗಿದೆವು. ಈಗ ಅದು ಗ್ರೈಂಡರ್ ಪಕ್ಕದ ಗೋಡೆಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಇದೆ.

ಹಣದ ವಿಚಾರ ಹೇಳಲೇಬೇಕು. ದೋಸೆ ಹುಯ್ಯಲು ಬರುವ ಹುಡುಗನಿಗೆ ಪಕ್ಕದ ರಸ್ತೆಯಲ್ಲೇ ಬೆಲೆ ಇದೆ. ತರಕಾರಿ ಹೆಚ್ಚುವ ಸಂಬಳಕ್ಕೆ ಇಬ್ಬರ ಕೆಲಸ ಮಾಡಿಸಿದರೆ ಅವನು ಕಲಿತ ಮರುತಿಂಗಳೇ ಹೊರಡುತ್ತಾನೆ. ತಿಂಗಳಿಗೆ 1,500 ರೂಪಾಯಿ ಜಾಸ್ತಿ ಕೊಡಿ ಅಂದೆ. ಮಾಲೀಕರು ಚೌಕಾಸಿ ಮಾಡಿದರು. ಆ ಭಾನುವಾರ ಬಂದಿದ್ದೆಷ್ಟು, ಬರಬೇಕಿದ್ದದ್ದೆಷ್ಟು ಎಂದು ತೋರಿಸಿದ ಮೇಲೆ ಒಪ್ಪಿದರು.

ಸಂಕ್ರಾಂತಿ ಹೊತ್ತಿಗೆ ಮಾವ-ಅಳಿಯ ಮತ್ತೆ ಊರಿಗೆ ಹೋದರು, ಈ ಸಲ ಹೇಳಿ ಹೋದರು. ಹುಡುಗ ಸೆಟ್ ಮತ್ತು ಖಾಲಿ ದೋಸೆ ಪೂರ್ತಿ ಹೊತ್ತು ನಡೆಸಿದ. ಮಸಾಲೆಯನ್ನು ಎಂಟರಿಂದ ಒಂಬತ್ತೂವರೆವರೆಗೆ ಬೋರ್ಡಿನಿಂದ ಇಳಿಸಿ, ರಷ್ ತಗ್ಗಿದ ಮೇಲೆ ಮತ್ತೆ ಬರೆದರು. ವಡೆ ಬದಲು ಅಡುಗೆ ಭಟ್ಟರು ಕಡಲೆಬೇಳೆ ಆಂಬೊಡೆ ಕರಿದರು. ಅದನ್ನು ತಟ್ಟಿ ಬಿಟ್ಟರೆ ಸಾಕು, ತೂತಿನ ತಂಟೆ ಇಲ್ಲ. ದುಡ್ಡು ವಾಪಸ್ ಕೊಡುವ ಪ್ರಸಂಗ ಬರಲಿಲ್ಲ.

ಅಡುಗೆ ಭಟ್ಟರೇ ಬಾರದಿದ್ದರೆ ಏನು ಎಂಬುದಕ್ಕೆ ಮಾತ್ರ ಇನ್ನೂ ದಾರಿ ಇಲ್ಲ. ಇಡ್ಲಿ ಹಿಟ್ಟಿನ ಅಳತೆ ಗೋಡೆಗೆ ಬಂದಿದೆ, ಬಾತಿಗೆ ಮಾಲೀಕರ ಮನೆಯವರ ಕೈ ಕುದುರಿದೆ. ಸಾಂಬಾರು ಉಳಿದಿದೆ. ಅದರ ಪುಡಿ ಭಟ್ಟರು ವಾರಕ್ಕೊಮ್ಮೆ ತಾವೇ ಹುರಿದು ಮಾಡುತ್ತಾರೆ, ಹುರಿಯುವಾಗ ಯಾರನ್ನೂ ಹತ್ತಿರ ಬಿಡುವುದಿಲ್ಲ. ಎರಡು ವಾರಕ್ಕಾಗುವಷ್ಟು ಪುಡಿ ಡಬ್ಬದಲ್ಲಿ ಮೊದಲೇ ಇರಬೇಕು ಎಂಬುದಕ್ಕೆ ಒಪ್ಪಿದ್ದಾರೆ. ಸದ್ಯಕ್ಕೆ ಅವರು ರಜೆ ಹಾಕಿದ ದಿನ ಇಡ್ಲಿಗೆ ಚಟ್ನಿ ಮಾತ್ರ, ಬೋರ್ಡಿನಲ್ಲಿ ಹಾಗೆಂದೇ ಬರೆಯುತ್ತಾರೆ.